ಜೂನ್‌ನಲ್ಲಿ ಕೊಡುವ ಭತ್ತಕ್ಕೆ ಇವತ್ತೇ ದರ ಹೇಳುವುದು ಹೇಗೆ?

ಡಿಸೆಂಬರ್‌ನಲ್ಲಿ ಕಾರಟಗಿಯಿಂದ ಪರಿಚಿತರೊಬ್ಬರು ಫೋನ್ ಮಾಡಿದರು. "ಅಣ್ಣಾ, ಮಿಲ್ಲಿನವ್ರು ಜೂನ್‌ಗೆ ನೂರು ಚೀಲ ಸೋನಾ ಮಸೂರಿ ಭತ್ತ ಬೇಕು ಅಂತಾರ. ರೇಟ್ ಈಗ್ಲೇ ಫಿಕ್ಸ್. ಚೀಲಕ್ಕ 2,100. ಒಪ್ಲೇನು? ಜೂನ್‌ನಾಗ ರೇಟ್ ಏರ್ತದೇನು?"

ಜೂನ್‌ನ ರೇಟ್ ಯಾರಿಗೆ ಗೊತ್ತು? ಅದನ್ನು ಊಹಿಸುವ ಅಗತ್ಯವೂ ಇಲ್ಲ. ಭತ್ತವನ್ನು ಇವತ್ತೇ ಕೊಂಡು ಜೂನ್‌ವರೆಗೆ ಇಟ್ಟುಕೊಂಡರೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿದರೆ ಸಾಕು. ಇದಕ್ಕೆ ‘ಕಾಸ್ಟ್ ಆಫ್ ಕ್ಯಾರಿ’ ಎನ್ನುತ್ತಾರೆ, ಅಂದರೆ ಮಾಲು ಹಿಡಿದಿಡುವ ಖರ್ಚು. ಲೆಕ್ಕದ ಸೂತ್ರ ಇಷ್ಟೇ:

F = (S + U) × (1 + r × T)

F ಜೂನ್‌ಗೆ ಹೇಳಬೇಕಾದ ದರ, ಅಂದರೆ ಫಾರ್ವರ್ಡ್ ದರ. S ಇವತ್ತಿನ ದರ. U ಈಗಲೇ ಕಟ್ಟುವ ಗೋದಾಮು ಬಾಡಿಗೆ. r ವರ್ಷದ ಬಡ್ಡಿ, T ವರ್ಷದಲ್ಲಿ ಎಷ್ಟು ಭಾಗ ಎಂಬುದು.

ಮೊದಲು S ಮತ್ತು U. 75 ಕೆ.ಜಿ. ಚೀಲಕ್ಕೆ ಇವತ್ತು 1,800 ರೂಪಾಯಿ ಎಂದಿಟ್ಟುಕೊಳ್ಳಿ. ಬಾಡಿಗೆ ಚೀಲಕ್ಕೆ ತಿಂಗಳಿಗೆ 8 ರೂಪಾಯಿಯಂತೆ ಆರು ತಿಂಗಳಿಗೆ 48, ಪೂರ್ತಿ ಮುಂಚೆಯೇ ಕೊಡಬೇಕು. ಒಟ್ಟು 1,848. ಬಾಡಿಗೆಯನ್ನೂ ಈಗಲೇ ಕೊಡುವುದರಿಂದ ಅದಕ್ಕೂ ಬಡ್ಡಿ ಬೀಳುತ್ತದೆ. ಕೊನೆಗೆ ಕೊಡುವುದಾದರೆ ಬಡ್ಡಿ ಹಚ್ಚಿದ ಮೇಲೆ ಸೇರಿಸಿದರೆ ಆಯಿತು.

ನಂತರ ಬಡ್ಡಿ. ಬ್ಯಾಂಕಿನ ಸಾಲಕ್ಕೆ ವರ್ಷಕ್ಕೆ ಶೇ 12 ಅಂದರೆ ಆರು ತಿಂಗಳಿಗೆ ಶೇ 6. 1,848 × 1.06 = 1,958.88.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಭತ್ತ ಗೋದಾಮಿನಲ್ಲಿ ಸುಮ್ನೆ ಕೂತಿರುವುದಿಲ್ಲ, ಒಣಗಿ ತೂಕ ಇಳಿಯುತ್ತದೆ. ಆರು ತಿಂಗಳಿಗೆ ಶೇ 2 ಇಳಿಯುತ್ತದೆ ಅಂದುಕೊಂಡರೆ, ಜೂನ್‌ನಲ್ಲಿ ನೂರು ಚೀಲ ತೂಗಿ ಕೊಡಲು ಇವತ್ತು 102ಕ್ಕಿಂತ ತುಸು ಜಾಸ್ತಿಯೇ ಕೊಳ್ಳಬೇಕು. ಹಾಗಾಗಿ 1,958.88 ಅನ್ನು 0.98ರಿಂದ ಭಾಗಿಸಿ. ಸುಮಾರು 1,999 ಬರುತ್ತದೆ.

ಷೇರಿನ ಲೆಕ್ಕ ಇದಕ್ಕೆ ಉಲ್ಟಾ. ಭತ್ತ ಕೂತಲ್ಲಿ ಸವೆದರೆ ಷೇರು ಕೂತಲ್ಲಿ ಡಿವಿಡೆಂಡ್ ಕೊಡುತ್ತದೆ, ಅದನ್ನು ಕಳೆಯಬೇಕು. 500 ರೂಪಾಯಿಯ ಷೇರಿಗೆ ವರ್ಷಕ್ಕೆ ಶೇ 8 ಬಡ್ಡಿಯಂತೆ ಆರು ತಿಂಗಳಿಗೆ 520 ಆಗುತ್ತದೆ. ಮೂರನೇ ತಿಂಗಳ ಕೊನೆಗೆ ಬಂದ 10 ರೂಪಾಯಿ ಡಿವಿಡೆಂಡ್ ಉಳಿದ ಮೂರು ತಿಂಗಳ ಬಡ್ಡಿ ಸೇರಿ 10.20 ಆಗುತ್ತದೆ. ಫಾರ್ವರ್ಡ್ ದರ 509.80. ಡಿವಿಡೆಂಡ್ ಬಡ್ಡಿಗಿಂತ ಜಾಸ್ತಿ ಇದ್ದರೆ ಫಾರ್ವರ್ಡ್ ದರ ಇವತ್ತಿನ ದರಕ್ಕಿಂತ ಕೆಳಗೇ ಬರುತ್ತದೆ.

ಭತ್ತಕ್ಕೆ ವಾಪಸ್ ಬರೋಣ. ಲೆಕ್ಕ 1,999, ಮಿಲ್ಲಿನವರು ಹೇಳಿದ್ದು 2,100. ಸಾಲ ಮಾಡಿ ಕೊಂಡು, ಇಟ್ಟು, ಕೊಟ್ಟರೂ ಚೀಲಕ್ಕೆ 101 ರೂಪಾಯಿ ಲಾಭ. ಇಂಥ ಅವಕಾಶ ಕಂಡರೆ ಎಲ್ಲರೂ ನುಗ್ಗುತ್ತಾರೆ, ಆಗ ದರ ತಾನಾಗಿ ಲೆಕ್ಕದ ಹತ್ತಿರ ಇಳಿಯುತ್ತದೆ.

ಉಲ್ಟಾ, ಯಾರಾದರೂ ಜೂನ್‌ಗೆ 1,900ಕ್ಕೇ ಭತ್ತ ಕೊಡುತ್ತೇನೆ ಎಂದರೆ? ಆಗ ಭತ್ತವನ್ನು ಕಡ ತಂದು ಇವತ್ತು ಮಾರಿ, ಜೂನ್‌ನಲ್ಲಿ 1,900ಕ್ಕೆ ಕೊಂಡು ತೀರಿಸಬೇಕು. ಷೇರಿನಲ್ಲಿ ಅದು ನಡೆಯುತ್ತದೆ. ಭತ್ತವನ್ನು ಆರು ತಿಂಗಳು ಕಡ ಕೊಡುವವರು ಎಲ್ಲಿದ್ದಾರೆ? ದಾಸ್ತಾನು ಇರುವ ಮಿಲ್ಲಿನವರೂ ಮಾರುವುದಿಲ್ಲ, ಮಿಲ್ಲು ಓಡಬೇಕಲ್ವಾ. ಹಾಗಾಗಿ ಇಂಥ ಮಾಲಿಗೆ ಈ ಲೆಕ್ಕ ಹೇಳುವುದು ಮೇಲಿನ ಮಿತಿಯನ್ನು ಮಾತ್ರ. ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಸಿಗುತ್ತದೆ ಎಂದು ಖಾತ್ರಿಯಾದರೆ, ಬೇಸಿಗೆ ಭತ್ತ ಬರುವ ಮೊದಲೇ ಜೂನ್‌ನ ದರ ಈ ಮಿತಿಗಿಂತ ಎಷ್ಟೋ ಕೆಳಗೆ ಕೂರಬಹುದು. ಲೆಕ್ಕ ತಪ್ಪಿತು ಅಂದುಕೊಳ್ಳಬೇಡಿ.

ಇನ್ನೊಂದು ತೊಡಕು ಹಳೆ ಭತ್ತದ್ದು. ಆರು ತಿಂಗಳು ಕೂತ ಸೋನಾ ಮಸೂರಿಯ ಅನ್ನ ಉದುರುದುರಾಗಿ ಆಗುತ್ತದೆ, ಅದಕ್ಕೆ ಬೇಡಿಕೆಯೂ ಬೇರೆ. ಸೂತ್ರ ಮಾಲು ಬದಲಾಗುವುದಿಲ್ಲ ಎಂದು ನಂಬುತ್ತದೆ. ಆದ್ದರಿಂದ ಹಳೆಯದು ಬೇಕೋ ಹೊಸದು ನಡೆಯುತ್ತದೋ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಸೋನಾ ಮಸೂರಿಯಂಥ ಬಾಸ್ಮತಿಯಲ್ಲದ ಭತ್ತದ ಫ್ಯೂಚರ್ಸ್ ವಹಿವಾಟನ್ನು, ಅಂದರೆ ಮುಂದೆ ಕೊಡುವ ಮಾಲಿಗೆ ಇವತ್ತೇ ದರ ಕುದುರಿಸುವ ಎಕ್ಸ್‌ಚೇಂಜ್ ವ್ಯಾಪಾರವನ್ನು, ಮಾರುಕಟ್ಟೆ ನಿಯಂತ್ರಕ ಸೆಬಿ 2021ರ ಡಿಸೆಂಬರ್‌ನಲ್ಲಿ ನಿಲ್ಲಿಸಿತ್ತು. ಇಬ್ಬರ ನಡುವಿನ ಇಂಥ ಕರಾರಿಗೆ ಆಸರೆ ಆ ಕಾಗದವೇ.

ಇಷ್ಟೆಲ್ಲ ಹೇಳಿದ ಮೇಲೆ ಕೇಳಿದೆ, "ದುಡ್ಡು ಎಲ್ಲಿಂದ ತರ್ತೀರಿ?" "ದಲಾಲರ ಹತ್ರ, ನೂರಕ್ಕ ತಿಂಗಳಿಗೆ ಎರಡು ರೂಪಾಯಿ."

ಅಲ್ಲೇ ಲೆಕ್ಕ ಉಲ್ಟಾ ಹೊಡೆಯಿತು. ವರ್ಷಕ್ಕೆ ಶೇ 24, ಆರು ತಿಂಗಳಿಗೆ ಶೇ 12. 1,848 × 1.12 ÷ 0.98 ಅಂದರೆ 2,112. ಬ್ಯಾಂಕ್ ಸಾಲ ಇದ್ದವರಿಗೆ 101 ರೂಪಾಯಿ ಲಾಭದ ದರ ಇವರಿಗೆ 12 ರೂಪಾಯಿ ನಷ್ಟ. r ಜಾಗದಲ್ಲಿ ಪೇಪರಿನಲ್ಲಿ ಓದಿದ ಬಡ್ಡಿ ಹಾಕಬಾರದು, ನೀವು ನಿಜವಾಗಿ ಕಟ್ಟುವುದನ್ನೇ ಹಾಕಬೇಕು.

ಅವರು ಮಿಲ್ಲಿಗೆ ಹೋಗಿ ದರ ಜಾಸ್ತಿ ಕೇಳಲಿಲ್ಲ. ಚೀಲಕ್ಕೆ 500 ಮುಂಗಡ ಕೇಳಿದರು, ಸಿಕ್ಕಿತು. ಆ 500ಕ್ಕೆ ಆರು ತಿಂಗಳ ಬಡ್ಡಿ 60 ಉಳಿಯಿತು. ಬೀಳುವ ಖರ್ಚು 2,052ಕ್ಕೆ ಇಳಿಯಿತು. 2,100ಕ್ಕೇ ಸಹಿ ಹಾಕಿದರು.