ಒಎಲ್ಇಡಿ ಟಿವಿಯಲ್ಲಿ ಕಲೆ ಉಳಿಯದಂತೆ ನೋಡಿಕೊಳ್ಳುವುದು ಹೇಗೆ?

ಮಡಿಕೇರಿ ಹತ್ತಿರದ ನೆಂಟರ ಹೋಂಸ್ಟೇಯಲ್ಲಿ ಕಳೆದ ಮಳೆಗಾಲದಲ್ಲಿ ನೋಡಿದ್ದು. ಊಟದ ಹಾಲ್‌ನ ಟಿವಿಯಲ್ಲಿ ಹಳದಿ ಬಣ್ಣದ ಜಾಹೀರಾತು ಬಂತು. ಕೆಳಗಡೆ ನ್ಯೂಸ್ ಚಾನೆಲ್ಲಿನ ಕೆಂಪು ಪಟ್ಟಿ ಇರುತ್ತಿದ್ದ ಜಾಗ ಮಾತ್ರ ಕಂದಿ ಹೋಗಿತ್ತು. ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲಿ ಒಂದೇ ಚಾನೆಲ್.

ಒಎಲ್ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿಯುವ ಪುಟ್ಟ ದೀಪ. ಜಾಸ್ತಿ ಉರಿದದ್ದು ಬೇಗ ಸವೆಯುತ್ತದೆ. ಪಟ್ಟಿಯ ಜಾಗದ ಚುಕ್ಕೆಗಳು ಪಕ್ಕದವಕ್ಕಿಂತ ಮುಂಚೆ ಸವೆದರೆ ಅದೇ ಕಲೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ Pixel Shift ಆನ್ ಮಾಡಿ. ಕೆಲವು ಟಿವಿಯಲ್ಲಿ ಇದರ ಹೆಸರು Screen Move. ಇದು ಇಡೀ ಚಿತ್ರವನ್ನು ಆಗಾಗ ಒಂದೆರಡು ಚುಕ್ಕೆಯಷ್ಟು ಸರಿಸುತ್ತದೆ, ನಮ್ಮ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸಣ್ಣ ಗೆರೆ, ಅಕ್ಷರದ ಅಂಚಿಗೆ ಇದು ಸಾಕು. ಅಗಲವಾದ ಪಟ್ಟಿಯ ನಡುಭಾಗಕ್ಕೆ ಸಾಲದು, ಅಷ್ಟು ಸರಿದರೂ ಅಲ್ಲಿ ಕೆಂಪೇ ಇರುತ್ತದಲ್ವಾ?

ಆಮೇಲೆ ಲೋಗೋ ಮಂಕು ಮಾಡುವ ಆಯ್ಕೆ, Adjust Logo Brightness ಅಂತ ಇರಬಹುದು. ಅದರಲ್ಲಿ ಹೆಚ್ಚು ಮಂಕು ಮಾಡುವ ಮಟ್ಟವನ್ನೇ ಇಡಿ. ನ್ಯೂಸ್ ನೋಡುವಾಗ ಪರದೆಯ ಬೆಳಕನ್ನೂ ಇಳಿಸಿ. ಅಂಗಡಿಯಲ್ಲಿ ಇಟ್ಟಿದ್ದ ವಿವಿಡ್ ಮೋಡ್ ಮನೆಗೆ ಬೇಡವೇ ಬೇಡ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಹಲವು ಒಎಲ್ಇಡಿ ಟಿವಿಗಳು ಒಟ್ಟು ಸುಮಾರು 4 ಗಂಟೆ ಓಡಿದ ಮೇಲೆ, ರಿಮೋಟ್‌ನಲ್ಲಿ ಆರಿಸಿದಾಗ, ತಾವೇ ಚುಕ್ಕೆಗಳನ್ನು ಅಳೆದು ಸರಿಹೊಂದಿಸುತ್ತವೆ. ಹತ್ತು ನಿಮಿಷದ ಕೆಲಸ, ಆದರೆ ಅದಕ್ಕೆ ಕರೆಂಟ್ ಬೇಕು. ನಮ್ಮ ನೆಂಟರು ಮಲಗುವ ಮುಂಚೆ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದರು. ಹಾಗಾಗಿ ಆ ಕೆಲಸ ಒಂದು ರಾತ್ರಿಯೂ ನಡೆದಿರಲಿಲ್ಲ. ರಿಮೋಟ್‌ನಲ್ಲಿ ಆರಿಸಿ, ಸ್ವಿಚ್ಚನ್ನು ಹಾಗೇ ಬಿಡಿ. ಒಳಗಿನಿಂದ ಸಣ್ಣಗೆ ಟಿಕ್ ಸದ್ದು ಬಂದರೆ ಗಾಬರಿಯಾಗಬೇಡಿ. ಗುಡುಗು ಸಿಡಿಲಿದ್ದರೆ ಮಾತ್ರ ಪ್ಲಗ್ ಕೀಳಲೇಬೇಕು, ಅದರಲ್ಲಿ ರಾಜಿ ಬೇಡ. ಮಳೆ ನಿಂತ ಮೇಲೆ ಮತ್ತೆ ಸಿಕ್ಕಿಸಿ, ಒಮ್ಮೆ ಆನ್ ಮಾಡಿ ರಿಮೋಟ್‌ನಲ್ಲೇ ಆರಿಸಿ.

ಮೆನುವಿನಲ್ಲಿ ಕೈಯಾರೆ ಶುರುಮಾಡುವ ದೊಡ್ಡ ರಿಫ್ರೆಶ್ ಕೂಡ ಇದೆ, ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅದನ್ನು ವಾರವಾರ ಸುಮ್ನೆ ಓಡಿಸಬೇಡಿ, ಪ್ಯಾನಲ್ ಆಯಸ್ಸು ಕಡಿಮೆಯಾಗುತ್ತದೆ. ಕಲೆ ಕಂಡರೆ ಮೊದಲು ಬೇರೆ ಬೇರೆ ಚಿತ್ರ ಓಡಿಸಿ ನೋಡಿ. ಸ್ವಲ್ಪ ಹೊತ್ತಿಗೆ ಮಾಯವಾದರೆ ಅದು ತಾತ್ಕಾಲಿಕ ಛಾಯೆ. ಉಳಿದರೆ ಆಗ ರಿಫ್ರೆಶ್, ಅದೂ ಒಂದೇ ಸಲ. ಯೂಟ್ಯೂಬಿನಲ್ಲಿ ಬಣ್ಣ ಮಿಂಚಿಸಿ ಕಲೆ ತೆಗೆಯುತ್ತೇವೆ ಅನ್ನುವ ವಿಡಿಯೋಗಳನ್ನು ನಂಬಬೇಡಿ, ಸವೆದ ಚುಕ್ಕೆ ಅದರಿಂದ ಹೊಸದಾಗುವುದಿಲ್ಲ.

ನೆಂಟರ ಮನೆಯಲ್ಲಿ ರಿಫ್ರೆಶ್ ಆದ ಮೇಲೆ ಕಲೆ ಸ್ವಲ್ಪ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಈಗ ದಿನವಿಡೀ ನ್ಯೂಸ್ ಓಡಿಸಲು ಅಲ್ಲಿ ಮಾಮೂಲಿ ಎಲ್ಇಡಿ ಟಿವಿ ಇಟ್ಟಿದ್ದಾರೆ. ಒಎಲ್ಇಡಿ ಒಳಮನೆಗೆ ಹೋಗಿದೆ, ರಾತ್ರಿ ಸಿನಿಮಾಕ್ಕೆ.