ಚಿಕನ್ ಪಾಕ್ಸ್ ನೋಟಿಸು: ದಿನ ಎಣಿಸಬೇಡಿ, ಗುಳ್ಳೆ ನೋಡಿ

ಹಾಸನ ಜಿಲ್ಲೆಯ ಒಂದು ಸಣ್ಣ ಶಾಲೆಯಲ್ಲಿ ಮೂರನೇ ತರಗತಿ ನನ್ನದು. ಫೆಬ್ರವರಿಯಲ್ಲಿ ಒಂದು ಮಗುವಿಗೆ ಚಿಕನ್ ಪಾಕ್ಸ್ ಆಯಿತು. ನೋಟಿಸು ಕೊಡೋಣ ಅಂದರೆ "ಬೇಡ ಮಿಸ್, ಪರೀಕ್ಷೆ ಹತ್ತಿರ, ಕ್ಲಾಸೇ ಖಾಲಿ ಆಗುತ್ತೆ" ಅಂದರು ಜೊತೆಯವರು. ಅವರ ಭಯ ಸುಳ್ಳಲ್ಲ. ಹಿಂದೆ ಹೋಗುತ್ತಿದ್ದ ನೋಟಿಸಿನಲ್ಲಿ "ಸಾಂಕ್ರಾಮಿಕ ರೋಗ, ಏಳು ದಿನ ರಜೆ ಕಡ್ಡಾಯ" ಅಂತ ಇರುತ್ತಿತ್ತು. ಅದನ್ನು ಓದಿ ಅರ್ಧ ಕ್ಲಾಸ್ ಬರುತ್ತಿರಲಿಲ್ಲ. ಕಾಯಿಲೆಯಾದ ಕೆಲವರು ಎಂಟನೇ ದಿನ ಹಸಿ ಗುಳ್ಳೆ ಇಟ್ಟುಕೊಂಡೇ ಬರುತ್ತಿದ್ದರು, ಇನ್ನು ಕೆಲವರು ಹಕ್ಕಳೆ ಪೂರ್ತಿ ಉದುರುವವರೆಗೆ ಎರಡು ಮೂರು ವಾರ ಮನೆಯಲ್ಲೇ.

ನಾನು ದಿನದ ಲೆಕ್ಕ ತೆಗೆದೆ. "ಹೊಸ ಗುಳ್ಳೆ ಬರುವುದು ನಿಂತು, ಇದ್ದದ್ದೆಲ್ಲ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಕಳಿಸಿ. ಸಾಮಾನ್ಯವಾಗಿ 5ರಿಂದ 7 ದಿನ ಬೇಕು, ಕೆಲವರಿಗೆ ಜಾಸ್ತಿ. ಹಕ್ಕಳೆ ಉದುರುವವರೆಗೆ ಕಾಯಬೇಡಿ. ಹಾಜರಾತಿ ಚಿಂತೆ ಬೇಡ" ಅಂತ ಬರೆದೆ. ತಲೆಗೂದಲೊಳಗೆ, ಬೆನ್ನ ಮೇಲೆ ನೋಡಿ ಅಂತಲೂ ಸೇರಿಸಿದೆ, ಅಲ್ಲೇ ಹಸಿ ಗುಳ್ಳೆ ಉಳಿದಿರುತ್ತೆ.

ಕೆಲಸ ಮಾಡಿದ್ದು ತಾರೀಖು. ಭಾನುವಾರ 9ಕ್ಕೆ ಗುಳ್ಳೆ ಕಂಡಿತ್ತು, ಮಗು ಶನಿವಾರದವರೆಗೂ ಕ್ಲಾಸಿನಲ್ಲಿತ್ತು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡುತ್ತೆ, ತಗುಲಿದ 10ರಿಂದ 21 ದಿನದೊಳಗೆ ಕಾಣುತ್ತೆ. ಹಾಗಾಗಿ "ಫೆಬ್ರವರಿ 17ರಿಂದ ಮಾರ್ಚ್ 1ರವರೆಗೆ ಸ್ನಾನ ಮಾಡಿಸುವಾಗ ಮೈ ನೋಡಿ. ಒಂದು ಗುಳ್ಳೆ ಕಂಡರೂ ಅವತ್ತೇ ತಿಳಿಸಿ. ಆರಾಮಾಗಿರುವ ಮಕ್ಕಳನ್ನು ಧಾರಾಳವಾಗಿ ಕಳಿಸಿ, ಹೆಚ್ಚಿನ ಮಕ್ಕಳಿಗೆ ತಾನಾಗೇ ವಾಸಿಯಾಗುತ್ತೆ" ಅಂತ ಹಾಕಿದೆ. ಮಗುವಿನ ಹೆಸರು ಹಾಕಲಿಲ್ಲ.

ನೋಟಿಸಿನಲ್ಲಿ ಕಾಯಿಲೆಗೆ ಜನ ಹೇಳುವ "ಅಮ್ಮ" ಅನ್ನುವ ಹೆಸರನ್ನೂ ಬರೆದೆ, ಬೇವಿನ ಸೊಪ್ಪು, ಪೂಜೆ ಬಗ್ಗೆ ಒಂದಕ್ಷರವೂ ಬರೆಯಲಿಲ್ಲ. ಅದಕ್ಕೇ ಮನೆಯವರು ಮುಚ್ಚಿಡಲಿಲ್ಲ ಅಂತ ನನ್ನ ನಂಬಿಕೆ. ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶವನ್ನೂ ಕಳಿಸಿ ನೋಡಿದೆ. ತೋಟದ ಲೈನ್ ಮನೆಗಳಲ್ಲಿ ಫೋನು ಅಪ್ಪನ ಜೇಬಿನಲ್ಲಿರುತ್ತೆ, ಅಮ್ಮಂದಿರಿಗೆ ತಲುಪಲೇ ಇಲ್ಲ. ಕೊನೆಗೆ ಜೆರಾಕ್ಸ್ ಮಾಡಿಸಿ ಡೈರಿಗೆ ಅಂಟಿಸಿದೆ, ನೂರು ರೂಪಾಯಿ ಒಳಗೆ ಮುಗೀತು. ಸಹಿ ಎಲ್ಲರಿಂದ ವಾಪಸ್ ಬರುವಂತೆ ಮಾಡುವ ನನ್ನ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಮರುದಿನ ಬರದವರು ಇಬ್ಬರೋ ಮೂವರೋ. ಆಮೇಲೆ ಮೂರು ಮಕ್ಕಳಿಗೆ ಬಂತು, ಮೂರೂ ಮೊದಲ ಗುಳ್ಳೆ ಕಂಡ ದಿನವೇ ಮನೆಯಲ್ಲಿ ಉಳಿದವು. ಪೂರ್ತಿ ತಡೆಯೋಕೆ ಆಗಲ್ಲ, ಕಾಣುವ ಮೊದಲೇ ಹರಡುವ ಕಾಯಿಲೆ ಅಲ್ವಾ.

ನೋಟಿಸು ಸೋಮವಾರವೇ ಹೋಗಿದ್ದು ಇನ್ನೊಂದಕ್ಕೂ ಒಳ್ಳೆಯದಾಯಿತು. ಕಾಯಿಲೆಯ ಮಗುವಿನ ಜೊತೆ ಇದ್ದ ಮೂರರಿಂದ ಐದು ದಿನದೊಳಗೆ ಲಸಿಕೆ ಹಾಕಿಸಿದರೆ ಕಾಯಿಲೆ ತಪ್ಪಬಹುದು, ಬಂದರೂ ಹಗುರ. ಸರ್ಕಾರದ ಉಚಿತ ಪಟ್ಟಿಯಲ್ಲಿ ಅದಿಲ್ಲ, ಖಾಸಗಿಯಲ್ಲಿ ಒಂದು ಡೋಸ್‌ಗೆ ಎರಡು ಸಾವಿರದ ಆಸುಪಾಸು. ಇಬ್ಬರು ಹಾಕಿಸಿದರು. ಕೊನೆಯ ಎರಡು ಸಾಲು ದಪ್ಪಕ್ಷರದಲ್ಲಿದ್ದವು: ಜ್ವರಕ್ಕೆ ಆಸ್ಪಿರಿನ್ ಬೇಡವೇ ಬೇಡ, ಮನೆಯಲ್ಲಿ ಗರ್ಭಿಣಿ ಇದ್ದು ಅವರಿಗೆ ಹಿಂದೆ ಅಮ್ಮ ಆಗಿಲ್ಲದಿದ್ದರೆ ಕೂಡಲೇ ಡಾಕ್ಟರ್ ಹತ್ತಿರ ಹೋಗಿ.