ಒಂಬತ್ತು ಗಂಟೆ ಅಂದರೆ ಯಾರ ಒಂಬತ್ತು?

ಪೀಣ್ಯದ ಒಂದು ಮಷೀನಿಂಗ್ ಕಾರ್ಖಾನೆಯಲ್ಲಿ ನಾನು ಎಕ್ಸ್‌ಪೋರ್ಟ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಒಂದು ದೊಡ್ಡ ಆರ್ಡರ್‌ಗೆ ಡ್ರಾಯಿಂಗ್ ಬರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ, ಮಾಲು ಹೋಗುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ಗೆ. ಹಾಗಾಗಿ ಗುರುವಾರಗಳಂದು ಮೂರೂ ಕಡೆಯವರು ಒಂದು ಕಾಲ್‌ನಲ್ಲಿ ಕೂರುತ್ತೇವೆ. ಅದರ ಮೇಲ್ ಕಳಿಸುವುದು ನನ್ನ ಪಾಲಿಗೆ ಬಂದಿತ್ತು. ಚಳಿಗಾಲವೆಲ್ಲ ಒಂದೇ ಸಾಲು ಕಳಿಸಿದೆ:

```
9 AM EST / 3 PM CET / 7:30 PM IST
```

EST ಕೊಲಂಬಸ್‌ನವರಿಗೆ, CET ಜರ್ಮನಿಯವರಿಗೆ, IST ನಮಗೆ. ವಾರವಾರ ಹಳೆ ಮೇಲ್ ಕಾಪಿ ಮಾಡಿ, ತಾರೀಕು ಮಾತ್ರ ತಿದ್ದಿ ಕಳಿಸುತ್ತಿದ್ದೆ. ಯಾರಿಗೂ ತೊಂದರೆ ಆಗಲಿಲ್ಲ. 2025ರ ಮಾರ್ಚ್ 13ರ ಗುರುವಾರಕ್ಕೂ ಹಾಗೇ ಕಳಿಸಿದೆ.

ಆ ದಿನ ಸಂಜೆ ಏಳೂವರೆಗೆ ನಾವು ಕೂತೆವು, ಜರ್ಮನಿಯವರೂ ಬಂದರು. ಕೊಲಂಬಸ್‌ನವರು ಇಲ್ಲ. ಹತ್ತು ನಿಮಿಷ ಕಾದು ಮೇಲ್ ತೆಗೆದು ನೋಡಿದರೆ ಆರೂ ಮುಕ್ಕಾಲಿಗೇ ಅವರದೊಂದು ಸಂದೇಶ ಬಂದು ಬಿದ್ದಿದೆ: ಕಾಲು ಗಂಟೆಯಿಂದ ಒಬ್ಬನೇ ಕೂತಿದ್ದೇನೆ, ಯಾರೂ ಇಲ್ಲ, ಹೊರಡುತ್ತೇನೆ ಅಂತ. ನಮ್ಮ ಯಜಮಾನರು ನನ್ನ ಕಡೆ ನೋಡಿ, “ಏನಮ್ಮಾ, ಟೈಮ್ ಸರಿಯಾಗಿ ಹಾಕಿದ್ದೆ ತಾನೇ?” ಅಂದರು. ಹಾಕಿದ್ದೆ ಅಂತಲೇ ನನಗೆ ಅನಿಸಿತ್ತು.

ವಿಷಯ ಏನಪ್ಪಾ ಅಂದರೆ, ಅದರ ಹಿಂದಿನ ಭಾನುವಾರ, ಮಾರ್ಚ್ 9ಕ್ಕೆ, ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದರು. ಅಲ್ಲಿ ಪ್ರತಿ ವರ್ಷ ಮಾರ್ಚ್‌ನ ಎರಡನೇ ಭಾನುವಾರ ಹೀಗೆ ಮಾಡುತ್ತಾರೆ. ಅವತ್ತಿನಿಂದ ಕೊಲಂಬಸ್‌ನ ಸಮಯಕ್ಕೆ EST ಅನ್ನುವ ಹೆಸರೇ ಸಲ್ಲುವುದಿಲ್ಲ, ಅದು EDT, ಅಂದರೆ ಬೇಸಿಗೆ ಸಮಯ ಆಗುತ್ತದೆ. ತಮಾಷೆ ಅಂದರೆ ಲೆಕ್ಕದ ಪ್ರಕಾರ ನನ್ನ ಮೇಲ್ ತಪ್ಪೇ ಇರಲಿಲ್ಲ. 9 AM EST, 3 PM CET, 7:30 PM IST, ಮೂರೂ ಒಂದೇ ಕ್ಷಣ. ಆದರೆ ಕೊಲಂಬಸ್‌ನಲ್ಲಿ ಕೂತ ಮನುಷ್ಯ EST ಅಂದರೆ ‘ನಮ್ಮೂರ ಟೈಮ್’ ಅಂತ ಓದಿಕೊಂಡ. ಗೋಡೆಯ ಗಡಿಯಾರದಲ್ಲಿ ಒಂಬತ್ತಾದಾಗ ಕಾಲ್‌ಗೆ ಬಂದ. ನಮಗಾಗ ಸಂಜೆ ಆರೂವರೆ. ಅಮೆರಿಕದವರಲ್ಲೇ ಎಷ್ಟೋ ಜನ ಬೇಸಿಗೆಯಲ್ಲೂ EST ಅಂತಲೇ ಬರೆಯುತ್ತಾರೆ. ಆ ಮೂರು ಅಕ್ಷರ ನೋಡಿ ಅವನು ಅನುಮಾನ ಪಡಲು ಕಾರಣವೇ ಇರಲಿಲ್ಲ.

ಆವತ್ತಿನಿಂದ ಮೇಲ್‌ನಲ್ಲಿ ಮೂರಕ್ಷರದ ಟೈಮ್ ಝೋನ್ ಬರೆಯುವುದನ್ನೇ ಬಿಟ್ಟೆ. ನಮ್ಮ IST ಕೂಡ ನಂಬಿಕೆಯ ಹೆಸರಲ್ಲ. ಐರ್ಲೆಂಡ್‌ನವರು ತಮ್ಮ ಬೇಸಿಗೆ ಸಮಯಕ್ಕೆ IST ಅನ್ನುತ್ತಾರೆ, ಇಸ್ರೇಲ್‌ನವರಿಗೂ ಅವರದೇ IST ಇದೆ. CST ಅಂದರೆ ಷಿಕಾಗೋ ಸಮಯವೂ ಹೌದು, ಚೀನಾ ಸಮಯವೂ ಹೌದು. ಈಗ ನಾನು ಬರೆಯುವುದು ಊರಿನ ಹೆಸರು. ಕೊಲಂಬಸ್ 09:00 ಅಂತ ಬರೆದರೆ ಅಲ್ಲಿಯವನು ತನ್ನ ಗೋಡೆ ನೋಡಿದರೆ ಸಾಕು, ಚಳಿಗಾಲ ಬೇಸಿಗೆಯ ಜಂಜಾಟ ಅವನಿಗಿಲ್ಲ. ಆ ಜಂಜಾಟ ಕಳಿಸುವವಳದು. ದೇಶದ ಹೆಸರು ಸಾಲದು, ಅಮೆರಿಕದಲ್ಲಿ ಕೆಲವು ರಾಜ್ಯಗಳ ಒಳಗೇ ಎರಡು ಸಮಯ ಇವೆ. ಆಸ್ಟ್ರೇಲಿಯಾದಲ್ಲಿ ಸಿಡ್ನಿ ಗಡಿಯಾರ ತಿರುಗಿಸುತ್ತದೆ, ಬ್ರಿಸ್ಬೇನ್ ತಿರುಗಿಸುವುದಿಲ್ಲ.

ಆ ಗಂಟೆಯನ್ನು ಬರೆಯುವ ಮುಂಚೆ ತಾಳೆ ನೋಡುತ್ತೇನೆ. ನಮ್ಮಲ್ಲಿ ಸಿಸ್ಟಮ್ ನೋಡಿಕೊಳ್ಳುವ ಹುಡುಗ ಲಿನಕ್ಸ್‌ನಲ್ಲಿ ಒಂದು ಸಾಲು ಹೇಳಿಕೊಟ್ಟ:

```
TZ=Asia/Kolkata date -d 'TZ="America/New_York" 2025-03-13 09:00'
```

ಕೊಲಂಬಸ್ ಮತ್ತು ನ್ಯೂಯಾರ್ಕ್ ಎರಡಕ್ಕೂ ಒಂದೇ ಸಮಯ, ಅದಕ್ಕೇ ಆ ಹೆಸರು. ಇದಕ್ಕೆ ಉತ್ತರ ಸಂಜೆ ಆರೂವರೆ ಅಂತ ಬರುತ್ತದೆ. ಆವತ್ತು ಇದನ್ನು ಒಂದು ಸಲ ಒತ್ತಿದ್ದರೆ ಏಳೂವರೆ ಅಂತ ನಾನು ಬರೆಯುತ್ತಲೇ ಇರಲಿಲ್ಲ. ಇಲ್ಲಿ ತಾರೀಕು ಹಾಕಲೇಬೇಕು. ಈ ಹೊತ್ತು ಅಲ್ಲಿ ಎಷ್ಟು ಗಂಟೆ ಅಂತ ಇವತ್ತು ನೋಡಿ ಮುಂದಿನ ತಿಂಗಳ ಕಾಲ್‌ಗೆ ಬರೆದರೆ ಮತ್ತೆ ಅದೇ ಗುಂಡಿಗೆ ಬೀಳುವುದು.

ತಪ್ಪಿದ ಕಾಲ್‌ಗೆ ಇನ್ನೊಂದು ದಿನ ಗೊತ್ತು ಮಾಡುವಾಗ ಎರಡನೇ ತಪ್ಪು ಮಾಡಿದೆ. ಕೊಲಂಬಸ್‌ನವನು ಎರಡು ವಾರ ಊರಲ್ಲಿ ಇರುವುದಿಲ್ಲ ಅಂದ. ನಾನು 03/04/2025, ಅದೇ ಟೈಮ್ ಅಂತ ಬರೆದೆ. ನನ್ನ ಮನಸ್ಸಿನಲ್ಲಿ ಏಪ್ರಿಲ್ 3. ಅವನು ಓದಿದ್ದು ಮಾರ್ಚ್ 4, ಅಮೆರಿಕದಲ್ಲಿ ತಿಂಗಳು ಮೊದಲು. ಆ ದಿನ ಆಗಲೇ ಕಳೆದುಹೋಗಿದೆಯಲ್ಲ ಅಂತ ಕೇಳಿದ. ಸದ್ಯ, ಕಳೆದುಹೋದ ದಿನ ಆಗಿದ್ದಕ್ಕೆ ಕೇಳಿದ. ಅದೇ 05/06 ಅಂತ ಇದ್ದಿದ್ದರೆ ಸುಮ್ನೆ ಮೇ 6ಕ್ಕೆ ಗುರುತು ಹಾಕಿಕೊಳ್ಳುತ್ತಿದ್ದ, ನಾನು ಜೂನ್ 5ಕ್ಕೆ ಕಾಯುತ್ತಿದ್ದೆ. 13/03 ಅಂತ ಬರೆದರೆ ಹದಿಮೂರನೇ ತಿಂಗಳು ಇಲ್ಲವಲ್ಲ, ತಾನಾಗೇ ಅರ್ಥ ಆಗುತ್ತದೆ. ಎರಡು ಅರ್ಥ ಬರುವುದು ಪ್ರತಿ ತಿಂಗಳ ಮೊದಲ ಹನ್ನೆರಡು ದಿನ. ಅದರಲ್ಲಿ 04/04ರಂಥವನ್ನು ಕಳೆದರೆ ವರ್ಷಕ್ಕೆ 132 ದಿನ. ಒಂದು ದಿನ ಕೂತು ಎಣಿಸಿದ್ದೆ.

ಈಗ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ, ಜೊತೆಗೆ ವಾರದ ಹೆಸರು. ವಾರದ ಹೆಸರು ಇರುವುದು ತಾಳೆಗೆ. ನಾನು ಹಳೆ ಮೇಲ್ ಕಾಪಿ ಮಾಡಿ ತಾರೀಕು ಮಾತ್ರ ತಿದ್ದಿ ವಾರ ಮರೆತರೆ ಎರಡೂ ಹೊಂದುವುದಿಲ್ಲ, ಓದಿದವರು ಕೂಡಲೇ ಕೇಳುತ್ತಾರೆ. ಹಾಗೆ ಎರಡು ಸಲ ಕೇಳಿಸಿಕೊಂಡಿದ್ದೇನೆ, ಬೇಜಾರಿಲ್ಲ. 2025-04-03 ಅಂತ ವರ್ಷ ಮೊದಲು ಬರೆಯುವ ಪದ್ಧತಿಯೂ ಗಟ್ಟಿಯೇ, ಫೈಲ್ ಹೆಸರಿಗೆ ಅದನ್ನೇ ಹಾಕುತ್ತೇನೆ. ಆದರೆ ಮನುಷ್ಯರು ಅವಸರದಲ್ಲಿ ಓದುವ ಮೇಲ್‌ಗೆ ನನಗೆ ಅಕ್ಷರದ ತಿಂಗಳೇ ಇಷ್ಟ. ‘ಅದೇ ಟೈಮ್’, ‘ಮುಂದಿನ ಗುರುವಾರ’ ಇವೆರಡನ್ನೂ ಬಿಟ್ಟೆ. ಸೋಮವಾರ ಕೂತು ಮುಂದಿನ ಗುರುವಾರ ಅಂದರೆ ಈ ವಾರದ್ದೋ ಆಚೆ ವಾರದ್ದೋ, ನಮ್ಮ ಮನೆಯಲ್ಲೇ ಜಗಳ ಆಗುತ್ತದೆ.

ಆ ಕಾಲ್‌ಗೆ ಕೊನೆಗೆ ಹೋದ ಮೇಲ್ ಇದು. ಇವತ್ತಿಗೂ ನನ್ನ ಅಚ್ಚು ಇದೇ:

```
Thursday, 3 April 2025
13:00 UTC
Bengaluru  18:30 (6:30 PM)
Stuttgart  15:00
Columbus   09:00 (9:00 AM)
Duration: 90 minutes
```

UTC ಸಾಲು ಯಾಕೆ ಅಂದರೆ, ಊರಿನ ಸಾಲುಗಳಲ್ಲಿ ಎಲ್ಲೋ ಒಂದು ಕಡೆ ನಾನು ಎಡವಿದರೆ ಅದರ ಮೇಲೆ ಹಿಡಿದು ನೋಡಬಹುದು. UTC ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ಬೇಸಿಗೆ ಅಂತ ಅದು ಅಲುಗಾಡುವುದಿಲ್ಲ. ಗಂಟೆಗೆ 24ರ ಲೆಕ್ಕ, ಅಮೆರಿಕದವರಿಗೆ ಅದು ಅಷ್ಟು ರೂಢಿ ಇಲ್ಲದ್ದರಿಂದ ಪಕ್ಕದಲ್ಲಿ AM, PM ಕೂಡ. ಕೊನೆಯ ಸಾಲು ಮೊದಲು ‘1.30 hrs’ ಅಂತ ಇತ್ತು. ನಮಗೆ ಅದು ಒಂದೂವರೆ ಗಂಟೆ, ಇನ್ನೇನು? ಜರ್ಮನಿಯ ಎಂಜಿನಿಯರ್ ಇಂಗ್ಲಿಷ್ ಮೇಲ್ ಅಲ್ವಾ ಅಂತ ಅದನ್ನು ಒಂದು ದಶಮಾಂಶ ಮೂರು ಗಂಟೆ ಅಂತ ಓದಿ, 78 ನಿಮಿಷ ಇಟ್ಟುಕೊಂಡು, ಆಮೇಲೆ ಇನ್ನೊಂದು ಮೀಟಿಂಗ್‌ಗೆ ಎದ್ದು ಹೋದರು. ಅವರದೇ ಭಾಷೆಯಲ್ಲಿ ಬರೆಯುವಾಗ ಇನ್ನೊಂದು ಗೊಂದಲ, ಅಲ್ಲಿ ಬಿಂದು ಅಲ್ಪವಿರಾಮದ ಕೆಲಸ ಮಾಡುತ್ತದೆ, ಅಲ್ಪವಿರಾಮ ಬಿಂದುವಿನ ಕೆಲಸ ಮಾಡುತ್ತದೆ. ಅವರು 1.500 ಅಂತ ಬರೆದರೆ ಸಾವಿರದ ಐನೂರು, 2,500 ಕೆಜಿ ಅಂದರೆ ಎರಡೂವರೆ ಕೆಜಿ. ಹಾಗಾಗಿ ನಾನು ಮಾಲಿನ ಲೆಕ್ಕ ಬರೆಯುವಾಗ ಬಿಂದು, ಅಲ್ಪವಿರಾಮ ಎರಡೂ ಹಾಕದೆ 1500 ಅಂತ ಬಿಡುತ್ತೇನೆ. ನಮ್ಮ 1,25,000 ನೋಡಿ ಅವರು ಒಂದು ಸೊನ್ನೆ ಬಿಟ್ಟುಹೋಗಿದೆಯಾ ಅಂತ ಕೇಳಿದ್ದೂ ಉಂಟು.

ಫೋನಿನಲ್ಲಿ ಅವರೇ ಒಂದು ಸಲ ಇಂಗ್ಲಿಷಿನಲ್ಲಿ ‘ಹಾಫ್ ಎಯ್ಟ್’ ಅಂದರು. ನಾನು ಎಂಟೂವರೆ ಅಂದುಕೊಂಡೆ. ಬ್ರಿಟನ್‌ನವರಿಗೂ ಅದು ಎಂಟೂವರೆಯೇ. ಆದರೆ ಜರ್ಮನ್ ಭಾಷೆಯಲ್ಲಿ ಅರ್ಧ ಎಂಟು ಅಂದರೆ ಎಂಟಕ್ಕೆ ಅರ್ಧ ದಾರಿ, ಅಂದರೆ ಏಳೂವರೆ. ಬಾಯಲ್ಲಿ ಕೇಳಿದ ಸಮಯವನ್ನು ಐದು ನಿಮಿಷದೊಳಗೆ ಅಂಕಿಯಲ್ಲಿ ಮೇಲ್ ಮಾಡುವ ಅಭ್ಯಾಸ ಅಲ್ಲಿಂದ ಶುರುವಾಯಿತು.

ನಮ್ಮ ಕನ್ನಡದ್ದೂ ಒಂದು ಪಜೀತಿ ಇದೆ. ಕ್ಯಾಲಿಫೋರ್ನಿಯಾದ ಒಬ್ಬ ಟೂಲ್ ಸಪ್ಲೈಯರ್ ಜುಲೈನಲ್ಲಿ ಮಂಗಳವಾರ ಅವರ ಮಧ್ಯಾಹ್ನ ಹನ್ನೆರಡಕ್ಕೆ ಸಿಗುತ್ತೇನೆ ಅಂದರು. ನಮಗೆ ಆಗ ರಾತ್ರಿ ಹನ್ನೆರಡೂವರೆ. ಯಜಮಾನರಿಗೆ ‘ಮಂಗಳವಾರ ರಾತ್ರಿ ಹನ್ನೆರಡೂವರೆ’ ಅಂದೆ. ಬೆಳಗಾಗುವವರೆಗೆ ಮಂಗಳವಾರವೇ ಅಲ್ವಾ ನಮಗೆ? ಅವರು ಕ್ಯಾಲೆಂಡರ್‌ನಲ್ಲಿ ಮಂಗಳವಾರ ಆರಿಸಿ 12:30 AM ಹಾಕಿದರು. ಫೋನಿನ ಪ್ರಕಾರ ಅದು ಸೋಮವಾರ ರಾತ್ರಿ. ನಿದ್ದೆಗೆಟ್ಟು ಒಂದು ದಿನ ಮುಂಚೆಯೇ ಎದ್ದು ಕೂತಿದ್ದರು ಪಾಪ. ಇಂಥ ಹೊತ್ತಿಗೆ ಈಗ ‘ಬುಧವಾರ 00:30, ಮಂಗಳವಾರ ರಾತ್ರಿ ಊಟ ಆದ ಮೇಲೆ’ ಅಂತ ಎರಡೂ ಬರೆಯುತ್ತೇನೆ. ಸರಿಯಾಗಿ 12 ಗಂಟೆಗೆ ಏನನ್ನೂ ಇಡುವುದಿಲ್ಲ. 12 AM ಯಾವುದು, 12 PM ಯಾವುದು ಅಂತ ಯೋಚಿಸುವಷ್ಟರಲ್ಲಿ ಅರ್ಧ ಜನ ತಪ್ಪಿರುತ್ತಾರೆ. 12:15 ಅಂದರೂ ಅದೇ ಕಥೆ, 00:15 ಅಂದರೆ ಗೊಂದಲವಿಲ್ಲ.

ವಾರವಾರದ ಕಾಲ್‌ಗೆ ಈಗ ಕ್ಯಾಲೆಂಡರ್ ಆಹ್ವಾನ ಇದೆ. ಅದನ್ನು ಯಾರು ಮಾಡುತ್ತಾರೋ ಅವರ ಊರಿನ ಗಂಟೆ ನಿಲ್ಲುತ್ತದೆ, ಉಳಿದವರದು ಓಡಾಡುತ್ತದೆ. ಸ್ಟುಟ್‌ಗಾರ್ಟ್‌ನವರು ಮಾಡಲಿ ಅಂತ ಒಪ್ಪಿಕೊಂಡೆವು. ಅವರಿಗೆ ವರ್ಷವಿಡೀ ಮೂರು ಗಂಟೆ. ನಮಗೆ ಚಳಿಗಾಲದಲ್ಲಿ ಏಳೂವರೆ, ಬೇಸಿಗೆಯಲ್ಲಿ ಆರೂವರೆ. ಯುರೋಪ್ ಗಡಿಯಾರ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. 2025ರ ಮಾರ್ಚ್‌ನಲ್ಲಿ ಅದು ಸರಿಯಾಗಿ ಯುಗಾದಿ ದಿನವೇ ಬಂತು. ಅಮೆರಿಕದವರು ವಾಪಸ್ ತಿರುಗಿಸುವುದು ನವೆಂಬರ್‌ನ ಮೊದಲ ಭಾನುವಾರ, ರಾಜ್ಯೋತ್ಸವದ ಆಸುಪಾಸು ಅಂತ ನೆನಪಿಟ್ಟುಕೊಂಡಿದ್ದೇನೆ. ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ, ಇಬ್ಬರ ನಡುವಿನ ಅಂತರ ಬೇರೆ ಆಗುತ್ತದೆ. ಆ ವಾರಗಳಿಗೆ ಮಾತ್ರ ಆಹ್ವಾನವನ್ನು ನಂಬಿ ಕೂರದೆ ಮೇಲೆ ಹೇಳಿದ ಅಚ್ಚಿನಲ್ಲಿ ಬೇರೆ ಮೇಲ್ ಕಳಿಸುತ್ತೇನೆ.

2025ರ ಅಕ್ಟೋಬರ್ 30ರ ಗುರುವಾರದ ಮೇಲ್‌ನಲ್ಲಿ ಬೆಂಗಳೂರು 19:30, ಸ್ಟುಟ್‌ಗಾರ್ಟ್ 15:00, ಕೊಲಂಬಸ್ 10:00 ಅಂತ ಇತ್ತು. ಕೊಲಂಬಸ್‌ನವನು ಈ ವಾರ ಮಾತ್ರ ಹತ್ತಾ, ಒಂಬತ್ತಲ್ವಾ ಅಂತ ಒಂದೇ ಸಾಲು ಕೇಳಿದ. ಹೌದು, ಈ ವಾರ ಮಾತ್ರ, ಅಂತ ಉತ್ತರಿಸಿದೆ. ಏಳೂವರೆಗೆ ನಾನು ಕಾಲ್‌ಗೆ ಬಂದಾಗ ಅವನು ಆಗಲೇ ಅಲ್ಲಿದ್ದ.